ಟಾರ್ಗೆಟ್ ಮೆಚ್ಯೂರಿಟಿ ಫಂಡ್: ಕೊನೆಯವರೆಗೆ ಇಟ್ಟುಕೊಂಡವರಿಗೆ ಮಾತ್ರ

ಮ್ಯೂಚುವಲ್ ಫಂಡ್ ಆ್ಯಪ್‌ನಲ್ಲಿ ಡೆಟ್ ಫಂಡ್‌ಗಳ ಪಟ್ಟಿ ನೋಡುತ್ತಾ ಹೋದರೆ ಕೆಲವು ಹೆಸರುಗಳ ಜೊತೆ ಒಂದು ತಿಂಗಳು, ಒಂದು ಇಸವಿ ಅಂಟಿಕೊಂಡಿರುತ್ತದೆ. ಏಪ್ರಿಲ್ 2030, ಏಪ್ರಿಲ್ 2032, ಹೀಗೆ. ಇವೇ ಟಾರ್ಗೆಟ್ ಮೆಚ್ಯೂರಿಟಿ ಫಂಡ್‌ಗಳು. ಆ ತಾರೀಕಿನ ಒಳಗೆ ಅವಧಿ ಮುಗಿಯುವ ಬಾಂಡ್‌ಗಳನ್ನು ಮಾತ್ರ ಇವು ಕೊಳ್ಳುತ್ತವೆ. ಅವಧಿ ಮುಗಿಯುವವರೆಗೆ ಇಟ್ಟುಕೊಳ್ಳುತ್ತವೆ. ಆಮೇಲೆ ಫಂಡನ್ನೇ ಮುಚ್ಚಿ ದುಡ್ಡನ್ನು ನಮ್ಮ ಬ್ಯಾಂಕ್ ಖಾತೆಗೆ ಹಾಕುತ್ತವೆ. ನಮ್ಮ ದೇಶದಲ್ಲಿ ಇದು ಹೆಚ್ಚು ಜನಕ್ಕೆ ಗೊತ್ತಾಗಿದ್ದು 2019ರ ಡಿಸೆಂಬರ್‌ನಲ್ಲಿ ಬಂದ ಭಾರತ್ ಬಾಂಡ್ ಇಟಿಎಫ್‌ನಿಂದ.

ಒಳಗಿರುವ ಬಾಂಡ್‌ಗಳು ಸಾಮಾನ್ಯವಾಗಿ ಮೂರು ಬಗೆಯವು. ಎಎಎ ರೇಟಿಂಗ್ ಇರುವ ಸರ್ಕಾರಿ ಕಂಪನಿಗಳ ಬಾಂಡ್, ಕೇಂದ್ರ ಸರ್ಕಾರದ ಜಿ-ಸೆಕ್, ರಾಜ್ಯ ಸರ್ಕಾರಗಳ ಎಸ್‌ಡಿಎಲ್. ನಮ್ಮ ಕರ್ನಾಟಕ ಸರ್ಕಾರವೂ ಇಂಥ ಎಸ್‌ಡಿಎಲ್ ಬಾಂಡ್ ಕೊಟ್ಟು ಸಾಲ ಎತ್ತುತ್ತದೆ, ಅದರ ಹರಾಜು ನಡೆಸುವುದು ರಿಸರ್ವ್ ಬ್ಯಾಂಕ್. ಎಸ್‌ಡಿಎಲ್ ಫಂಡ್ ಒಂದರ ಪೋರ್ಟ್‌ಫೋಲಿಯೋ ತೆರೆದು ನೋಡಿ. ತಮಿಳುನಾಡು, ಮಹಾರಾಷ್ಟ್ರ, ಗುಜರಾತ್ ಸಾಲಗಳ ಪಕ್ಕದಲ್ಲಿ ಕರ್ನಾಟಕದ್ದೂ ಕಾಣಿಸಬಹುದು. ಅಂದರೆ ವಿಧಾನಸೌಧಕ್ಕೇ ಸಾಲ ಕೊಟ್ಟು ಬಡ್ಡಿ ತಿನ್ನುತ್ತೀರಿ!

"ಇದೂ ಎಫ್‌ಡಿ ಥರಾನೇ ಸಾರ್, 7 ಪರ್ಸೆಂಟ್ ಲಾಕ್" ಅಂತ ಏಜೆಂಟರು ಹೇಳುವುದುಂಟು. ಲಾಕ್ ಆಗುವುದು ನಿಜ. ಎಫ್‌ಡಿ ಥರ ಅನ್ನುವುದು ಅರ್ಧ ಮಾತ್ರ ನಿಜ. ಆ ಇನ್ನರ್ಧ ಗೊತ್ತಿಲ್ಲದವರೇ ನಡುವೆ ಗಾಬರಿಯಾಗಿ ಮಾರಿ ಕೈ ಸುಟ್ಟುಕೊಳ್ಳುತ್ತಾರೆ.

ಮೊದಲು ಒಂದೇ ಒಂದು ಬಾಂಡ್ ನೋಡೋಣ. ಮುಖಬೆಲೆ 100 ರೂಪಾಯಿ, ವರ್ಷಕ್ಕೆ 7 ರೂಪಾಯಿ ಬಡ್ಡಿ, ಐದು ವರ್ಷದ ಅವಧಿ. (ಸರ್ಕಾರಿ ಬಾಂಡ್‌ಗಳು ಆರು ತಿಂಗಳಿಗೊಮ್ಮೆ ಬಡ್ಡಿ ಕೊಡುತ್ತವೆ. ಲೆಕ್ಕ ಸುಲಭವಾಗಲಿ ಅಂತ ವರ್ಷಕ್ಕೊಮ್ಮೆ ಅಂದುಕೊಳ್ಳೋಣ.) ನೀವು ಇದನ್ನು 100 ರೂಪಾಯಿಗೇ ಕೊಂಡಿರಿ. ಮರುದಿನವೇ ಮಾರುಕಟ್ಟೆಯಲ್ಲಿ ಬಡ್ಡಿ 8ಕ್ಕೆ ಏರಿತು. ಈಗ ಹೊಸ ಬಾಂಡ್ 8 ರೂಪಾಯಿ ಕೊಡುತ್ತಿರುವಾಗ ನಿಮ್ಮ 7 ರೂಪಾಯಿ ಬಾಂಡನ್ನು 100 ಕೊಟ್ಟು ಯಾರು ಕೊಳ್ಳುತ್ತಾರೆ? ಅದರ ಬೆಲೆ ಸುಮಾರು 96 ರೂಪಾಯಿಗೆ ಇಳಿಯುತ್ತದೆ.

ಆದರೆ ಬಾಂಡ್ ಕೊಟ್ಟವರ ಮಾತು ಬದಲಾಗಿಲ್ಲ. ವರ್ಷಕ್ಕೆ 7 ರೂಪಾಯಿ, ಐದನೇ ವರ್ಷದ ಕೊನೆಗೆ ಪೂರ್ತಿ 100. ನೀವು ಮಾರದೆ ಕೂತರೆ ಆ 96 ನಿಮಗೆ ಬರೀ ಪರದೆಯ ಮೇಲಿನ ಅಂಕಿ. ಅವಧಿ ಮುಗಿಯುವ ದಿನ ಹತ್ತಿರವಾದಂತೆ ಬೆಲೆ ತಾನಾಗಿಯೇ 100ರ ಕಡೆಗೆ ಬರುತ್ತದೆ, ಯಾಕಂದರೆ ಆ ದಿನ ಸಿಗುವುದು 100 ಅಂತ ಎಲ್ಲರಿಗೂ ಗೊತ್ತು. ಇಂದಿನ ಬೆಲೆಗೆ ಕೊಂಡು ಕೊನೆಯವರೆಗೆ ಇಟ್ಟುಕೊಂಡರೆ ವರ್ಷಕ್ಕೆ ಎಷ್ಟು ಸಿಗುತ್ತದೆ ಅನ್ನುವ ಲೆಕ್ಕವೇ ಯೀಲ್ಡ್ ಟು ಮೆಚ್ಯೂರಿಟಿ. ಎಲ್ಲರೂ ವೈಟಿಎಂ ಅಂತಲೇ ಕರೆಯುತ್ತಾರೆ.

ಫಂಡ್‌ನಲ್ಲಿ ಒಂದು ವ್ಯತ್ಯಾಸ ಇದೆ. ಬಾಂಡ್ ನಿಮ್ಮ ಕೈಯಲ್ಲೇ ಇದ್ದರೆ ಆ 96 ನಿಮ್ಮ ಕಣ್ಣಿಗೆ ಬೀಳುವುದೇ ಇಲ್ಲ. ಫಂಡ್ ಹಾಗಲ್ಲ, ಪ್ರತಿ ವ್ಯವಹಾರದ ದಿನ ಬಾಂಡ್‌ಗಳನ್ನು ಮಾರುಕಟ್ಟೆ ಬೆಲೆಯಲ್ಲಿ ಅಳೆದು ಒಂದು ಯೂನಿಟ್‌ನ ಬೆಲೆ, ಅಂದರೆ ಎನ್‌ಎವಿ, ಹೇಳಲೇಬೇಕು.

ಒಂದು ಮನೆಯ ಲೆಕ್ಕ ಹಾಕೋಣ. ವಿಜಯನಗರದ ಗಂಡ ಹೆಂಡತಿ ಅಂದುಕೊಳ್ಳಿ. ಮಗಳು 2030ರಲ್ಲಿ ಸೆಕೆಂಡ್ ಪಿಯುಸಿ ಮುಗಿಸುತ್ತಾಳೆ. ಸಿಇಟಿ ಕೌನ್ಸೆಲಿಂಗ್ ಹೊತ್ತಿಗೆ ಫೀಸಿನ ದುಡ್ಡು ಕೈಯಲ್ಲಿರಬೇಕು. ಐದು ವರ್ಷ ಮುಂಚೆ, 2025ರಲ್ಲಿ, ಏಪ್ರಿಲ್ 2030ರ ಫಂಡ್‌ಗೆ 5 ಲಕ್ಷ ಹಾಕುತ್ತಾರೆ. ಆ ದಿನ ಫಂಡ್‌ನ ವೈಟಿಎಂ 7 ಅಂತಲೇ ಇಟ್ಟುಕೊಳ್ಳೋಣ. ಮರುದಿನ ಬಡ್ಡಿ ಒಂದು ಪರ್ಸೆಂಟ್ ಏರಿದರೆ 5 ಲಕ್ಷ 4 ಲಕ್ಷ 80 ಸಾವಿರ ಆಗಿರುತ್ತದೆ. ಒಂದು ವರ್ಷ ಕಳೆದರೂ 5 ಲಕ್ಷ 18 ಸಾವಿರ ಅಷ್ಟೇ, ಅಂದರೆ ನಾಲ್ಕು ಪರ್ಸೆಂಟೂ ಇಲ್ಲ. "ಎಫ್‌ಡಿನೇ ವಾಸಿಯಾಗಿತ್ತು ಕಣ್ರೀ" ಅಂತ ಹೆಂಡತಿ ಅನ್ನುವುದು ಇಲ್ಲೇ. ಈ ಹೊತ್ತಲ್ಲಿ ಮಾರಿದರೆ 7ಕ್ಕೆ ಬಿದ್ದ ಆ ಕೊರತೆ ನಿಜವಾಗಿಬಿಡುತ್ತದೆ. ಮಾರದಿದ್ದರೆ ಉಳಿದ ನಾಲ್ಕು ವರ್ಷ ಆ ದುಡ್ಡು ಹೆಚ್ಚುಕಡಿಮೆ 8ರ ದರದಲ್ಲಿ ಬೆಳೆಯುತ್ತದೆ. ಐದನೇ ವರ್ಷದ ಕೊನೆಗೆ ಖರ್ಚು ಕಳೆಯುವ ಮುಂಚೆ 7 ಲಕ್ಷ 5 ಸಾವಿರ. ನೆಟ್ಟಗೆ 7 ಪರ್ಸೆಂಟೇ ಸಿಕ್ಕಿದ್ದರೆ 7 ಲಕ್ಷ 1 ಸಾವಿರ ಆಗುತ್ತಿತ್ತು.

ನಾಲ್ಕು ಸಾವಿರ ಜಾಸ್ತಿ ಎಲ್ಲಿಂದ ಬಂತು? ವರ್ಷ ವರ್ಷ ಬರುವ ಬಡ್ಡಿಯನ್ನು ಫಂಡ್ ನಿಮಗೆ ಕೊಡುವುದಿಲ್ಲ, ಗ್ರೋತ್ ಆಯ್ಕೆಯಲ್ಲಿ ಅದರಿಂದ ಮತ್ತೆ ಅದೇ ಥರದ ಬಾಂಡ್ ಕೊಳ್ಳುತ್ತದೆ. ಆಗ ಸಿಗುವುದು ಆವತ್ತಿನ ದರ, ನೀವು ಲಾಕ್ ಮಾಡಿದ ದರ ಅಲ್ಲ. ಬಡ್ಡಿ 8ಕ್ಕೆ ಏರಿದ್ದರಿಂದ ಒಟ್ಟು ಗಳಿಕೆ ವರ್ಷಕ್ಕೆ 7.12 ಆಯಿತು. ಬದಲಿಗೆ 6ಕ್ಕೆ ಇಳಿದಿದ್ದರೆ? ಮೊದಲ ವರ್ಷ ಎನ್‌ಎವಿ ಹತ್ತು ಪರ್ಸೆಂಟ್‌ಗಿಂತ ಜಾಸ್ತಿ ಏರಿ ಖುಷಿ ಕೊಡುತ್ತಿತ್ತು, ಆದರೆ ಕೊನೆಗೆ ಸಿಗುತ್ತಿದ್ದದ್ದು 6.88 ಮಾತ್ರ. ಬಡ್ಡಿ ಒಂದು ಪರ್ಸೆಂಟ್ ಯಾವ ಕಡೆ ಹೋದರೂ ಕೊನೆಯಲ್ಲಿ ವ್ಯತ್ಯಾಸ ಬರೀ 0.12. ನನ್ನ ಪ್ರಕಾರ ಈ ಫಂಡ್‌ಗಳ ಬಗ್ಗೆ ತಿಳಿಯಬೇಕಾದ ಮುಖ್ಯ ವಿಷಯ ಇದೇ. ಲಾಕ್ ಇದೆ, ಆದರೆ ಚೂರು ಅಲ್ಲಾಡುತ್ತದೆ. ಅದಕ್ಕೇ "ಗ್ಯಾರಂಟಿ" ಅನ್ನುವ ಪದ ಯಾರಾದರೂ ಬಳಸಿದರೆ ನಂಬಬೇಡಿ.

ಇದೇ ಲೆಕ್ಕ ಮಾಮೂಲಿ ಡೆಟ್ ಫಂಡ್‌ಗೆ ಯಾಕೆ ಕೂಡಿಬರುವುದಿಲ್ಲ? ಅಲ್ಲಿ ಬಾಂಡ್ ಹಳೆಯದಾದಂತೆ ಅದನ್ನು ಮಾರಿ ಹೊಸ, ಉದ್ದ ಅವಧಿಯ ಬಾಂಡ್ ಕೊಳ್ಳುತ್ತಾರೆ. ನಾಲ್ಕು ವರ್ಷ ಕಳೆದರೂ ಫಂಡ್‌ನ ಸರಾಸರಿ ಅವಧಿ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಆದ್ದರಿಂದ ನೀವು ದುಡ್ಡು ತೆಗೆಯುವ ವಾರವೇ ಬಡ್ಡಿ ಏರಿದರೆ ಪೂರ್ತಿ ಏಟು ಬೀಳುತ್ತದೆ. ಟಾರ್ಗೆಟ್ ಮೆಚ್ಯೂರಿಟಿ ಫಂಡ್‌ನಲ್ಲಿ ಅವಧಿ ದಿನದಿನ ಕರಗುತ್ತದೆ. ಫ್ಯಾಕ್ಟ್‌ಶೀಟ್‌ನಲ್ಲಿ ಮಾಡಿಫೈಡ್ ಡ್ಯುರೇಶನ್ ಅಂತ ಒಂದು ಸಂಖ್ಯೆ ಇರುತ್ತದೆ, ನೋಡಿ. ಬಡ್ಡಿ ಒಂದು ಪರ್ಸೆಂಟ್ ಏರಿದರೆ ಎನ್‌ಎವಿ ಎಷ್ಟು ಪರ್ಸೆಂಟ್ ಇಳಿಯಬಹುದು ಅನ್ನುವ ಅಂದಾಜು ಅದು. ನಮ್ಮ ಉದಾಹರಣೆಯಲ್ಲಿ ಶುರುವಿಗೆ ಅದು 4.1. ಕೊನೆಯ ವರ್ಷಕ್ಕೆ ಬರುವಾಗ ಒಂದರ ಆಸುಪಾಸು. ಆಮೇಲೆ ಸೊನ್ನೆಯ ಕಡೆಗೆ.

2022 ಇದಕ್ಕೆ ಒಳ್ಳೆಯ ಪಾಠ. ಆ ಮೇನಲ್ಲಿ ರಿಸರ್ವ್ ಬ್ಯಾಂಕ್ ರೆಪೋ ದರ ಏರಿಸಲು ಶುರು ಮಾಡಿತು. 4 ಪರ್ಸೆಂಟ್ ಇದ್ದದ್ದು 2023ರ ಫೆಬ್ರವರಿ ಹೊತ್ತಿಗೆ 6.5 ಆಯಿತು. ಅದಕ್ಕೂ ಮುಂಚೆ ಉದ್ದ ಅವಧಿಯ ಟಾರ್ಗೆಟ್ ಫಂಡ್ ಕೊಂಡಿದ್ದವರು ತಿಂಗಳುಗಟ್ಟಲೆ ಎನ್‌ಎವಿ ಸೊರಗಿದ್ದನ್ನು ನೋಡಬೇಕಾಯಿತು. ಅದೇ ಹೊತ್ತಿಗೆ ಹೊಸದಾಗಿ ಕೊಳ್ಳುವವರಿಗೆ ಅದೇ ಫಂಡ್ ಜಾಸ್ತಿ ವೈಟಿಎಂ ಕೊಡುತ್ತಿತ್ತು.

ಒಂದೇ ಫಂಡ್, ಆದರೂ ಒಬ್ಬೊಬ್ಬರಿಗೆ ಒಂದೊಂದು ದರ. ನಿಮಗೆ ಲಾಕ್ ಆಗುವುದು ಫಂಡ್ ಶುರುವಾದ ದಿನದ ಯೀಲ್ಡ್ ಅಲ್ಲ, ಜಾಹೀರಾತಿನಲ್ಲಿದ್ದದ್ದೂ ಅಲ್ಲ. ನೀವು ಕೊಂಡ ದಿನದ್ದು. ಎಸ್‌ಐಪಿ ಮಾಡಿದರೆ ಪ್ರತಿ ಕಂತಿಗೂ ಬೇರೆ ಬೇರೆ ದರ ಲಾಕ್ ಆಗುತ್ತಾ ಹೋಗುತ್ತದೆ. "ಕಳೆದ ಒಂದು ವರ್ಷದ ರಿಟರ್ನ್ 9 ಪರ್ಸೆಂಟ್" ಅಂತ ಆ್ಯಪ್ ತೋರಿಸಿದರೆ ಮರುಳಾಗಬೇಡಿ. ಬಡ್ಡಿ ಇಳಿದು ಬೆಲೆ ಏರಿದ್ದರಿಂದ ಬಂದ ಲಾಭ ಅದು, ಮೊದಲೇ ಇದ್ದವರಿಗೆ ಹೋಗಿದೆ. ಹೊಸಬರು ನೋಡಬೇಕಾದದ್ದು ಇವತ್ತಿನ ವೈಟಿಎಂ ಒಂದನ್ನೇ.

ಅದರಿಂದ ಎಕ್ಸ್‌ಪೆನ್ಸ್ ರೇಶಿಯೋ ಕಳೆಯಿರಿ. ವೈಟಿಎಂ 7, ಖರ್ಚು 0.2 ಅಂದರೆ ನಿಮಗೆ 6.8. ಗಳಿಕೆಯೇ ಆರೇಳು ಪರ್ಸೆಂಟ್ ಇರುವ ಕಡೆ ಖರ್ಚಿನ ಒಂದೊಂದು ಚೂರೂ ಲೆಕ್ಕಕ್ಕೆ ಬರುತ್ತದೆ. ಏಜೆಂಟರ ಕಮಿಷನ್ ಸೇರಿರುವ ರೆಗ್ಯುಲರ್ ಪ್ಲ್ಯಾನ್‌ಗೂ ಅದಿಲ್ಲದ ಡೈರೆಕ್ಟ್ ಪ್ಲ್ಯಾನ್‌ಗೂ ಎಷ್ಟು ವ್ಯತ್ಯಾಸ ಅಂತ ನೋಡಿ. ಇಟಿಎಫ್ ರೂಪದಲ್ಲಿ ಕೊಂಡರೆ ಖರ್ಚು ಕಡಿಮೆ ಇರಬಹುದು, ಆದರೆ ಷೇರುಪೇಟೆಯಲ್ಲಿ ಕೊಳ್ಳುವವರು ಕಡಿಮೆ ಇರುವ ದಿನ ಎನ್‌ಎವಿಗಿಂತ ಕೆಳಗೆ ಮಾರಬೇಕಾಗಬಹುದು. ಅರ್ಜೆಂಟಾಗಿ ದುಡ್ಡು ಬೇಕಾಗುವ ಸಾಧ್ಯತೆ ಇರುವವರಿಗೆ ಫಂಡ್ ಕಂಪನಿಗೇ ಎನ್‌ಎವಿ ಬೆಲೆಗೆ ವಾಪಸ್ ಕೊಡಬಹುದಾದ ಇಂಡೆಕ್ಸ್ ಫಂಡ್ ರೂಪವೇ ಸಲೀಸು.

ತಾರೀಕು ಹೊಂದಿಸುವಾಗಲೂ ಎಚ್ಚರ ಬೇಕು. ವಿಜಯನಗರದವರು ಅರ್ಧ ಪರ್ಸೆಂಟ್ ಜಾಸ್ತಿ ಸಿಗುತ್ತೆ ಅಂತ ಏಪ್ರಿಲ್ 2033ರ ಫಂಡ್‌ಗೆ ಹಾಕಿದ್ದರೆ 2030ರಲ್ಲಿ ಫೀಸಿಗೆ ನಡುವೆಯೇ ಮಾರಬೇಕು. ಆಗ ಲಾಕ್ ಅನ್ನುವುದೇ ಇಲ್ಲ, ಆ ದಿನದ ಬಡ್ಡಿ ಹೇಗಿದೆಯೋ ಹಾಗೆ. ತುಂಬ ಮುಂಚಿನ ತಾರೀಕೂ ಆಗದು, ಫಂಡ್ ಮುಚ್ಚಿದ ಮೇಲೆ ದುಡ್ಡನ್ನು ಆಗ ಸಿಗುವ ದರಕ್ಕೇ ಇನ್ನೆಲ್ಲೋ ಇಡಬೇಕಾಗುತ್ತದೆ. ಬೇಕಾದ ತಿಂಗಳಿಗಿಂತ ಸ್ವಲ್ಪ ಮುಂಚೆ ಮುಗಿಯುವ ಫಂಡ್ ಆರಿಸಿಕೊಳ್ಳುವುದು ವಾಸಿ. ಇನ್ನೊಂದು ಚಿಕ್ಕ ವಿಷಯ: ಒಳಗಿನ ಬಾಂಡ್‌ಗಳೆಲ್ಲ ಒಂದೇ ದಿನ ತೀರುವುದಿಲ್ಲ. ಕೊನೆಯ ತಿಂಗಳುಗಳಲ್ಲಿ ಮೊದಲು ತೀರಿದವುಗಳ ದುಡ್ಡು ಟ್ರೆಷರಿ ಬಿಲ್‌ನಂಥ ಅಲ್ಪಾವಧಿ ಸಾಲಗಳಲ್ಲಿ ಕೂತಿರುತ್ತದೆ.

ಇನ್ನು ತೆರಿಗೆ. ಒಂದು ಕಾಲದಲ್ಲಿ ಜನ ಇದಕ್ಕೆ ಮುಗಿಬಿದ್ದದ್ದೇ ಇಂಡೆಕ್ಸೇಶನ್ ಆಸೆಗೆ, ಅಂದರೆ ಹಣದುಬ್ಬರಕ್ಕೆ ತಕ್ಕಂತೆ ಕೊಂಡ ಬೆಲೆ ಏರಿಸಿ ತೆರಿಗೆ ಕಟ್ಟುವ ಲಾಭ ಕಡಿಮೆ ಮಾಡಿಕೊಳ್ಳುವ ಸೌಲಭ್ಯಕ್ಕೆ. 2023ರ ಏಪ್ರಿಲ್ 1ರಿಂದ ಕೊಂಡದ್ದಕ್ಕೆ ಅದು ಹೋಯಿತು. ಎಷ್ಟು ವರ್ಷ ಇಟ್ಟುಕೊಂಡರೂ ಲಾಭ ನಿಮ್ಮ ಆದಾಯಕ್ಕೆ ಸೇರಿ ಸ್ಲ್ಯಾಬ್ ಪ್ರಕಾರ ತೆರಿಗೆ. ವಿಜಯನಗರದ ಮನೆಯ ಲೆಕ್ಕದಲ್ಲಿ 6.8ರಂತೆ 5 ಲಕ್ಷ ಸುಮಾರು 6 ಲಕ್ಷ 95 ಸಾವಿರ ಆಗುತ್ತದೆ. ದುಡ್ಡು ಹಾಕಿದವರು 30 ಪರ್ಸೆಂಟ್ ಸ್ಲ್ಯಾಬ್‌ನಲ್ಲಿದ್ದರೆ ಸೆಸ್ ಸೇರಿ 61 ಸಾವಿರದ ಹತ್ತಿರ ತೆರಿಗೆ, ಕೈಗೆ ಉಳಿಯುವುದು 6 ಲಕ್ಷ 34 ಸಾವಿರ. ವರ್ಷಕ್ಕೆ 4.86 ಪರ್ಸೆಂಟ್ ಬಿತ್ತು. ಎಫ್‌ಡಿ ಬಡ್ಡಿಗೂ ಇದೇ ಸ್ಲ್ಯಾಬ್ ತೆರಿಗೆ. ವ್ಯತ್ಯಾಸ ಏನೆಂದರೆ ಅಲ್ಲಿ ಸಾಮಾನ್ಯವಾಗಿ ವರ್ಷ ವರ್ಷ ಕಟ್ಟಬೇಕು, ಇಲ್ಲಿ ದುಡ್ಡು ತೆಗೆದ ವರ್ಷ ಮಾತ್ರ. ಹಾಗಾಗಿ ಬ್ಯಾಂಕಿನ ಐದು ವರ್ಷದ ಎಫ್‌ಡಿಯೇ 7 ಕೊಡುತ್ತಿದ್ದು, ಫಂಡ್‌ನಿಂದ ಖರ್ಚು ಕಳೆದು 6.8 ಬರುತ್ತಿದ್ದರೆ ಫಂಡ್ ಕಡೆ ಹೋಗಲು ದೊಡ್ಡ ಕಾರಣ ಇಲ್ಲ. ಒಂದು ವಿನಾಯಿತಿ ಇದೆ. ರಿಟೈರ್ ಆಗಿ ಸ್ಲ್ಯಾಬ್ ಇಳಿಯುವ ವರ್ಷಕ್ಕೆ ಫಂಡ್‌ನ ತಾರೀಕು ಬೀಳುವಂತೆ ಇಟ್ಟುಕೊಂಡರೆ, ಅಷ್ಟೂ ವರ್ಷದ ಲಾಭಕ್ಕೆ ಆ ಕಡಿಮೆ ಸ್ಲ್ಯಾಬ್‌ನ ತೆರಿಗೆ ಕಟ್ಟಿದರೆ ಸಾಕು.