ನಾಲ್ಕೋ, ಎಂಟೋ? ಅಯೋಡಿನ್ ಸ್ಲೈಡಿಗೂ ಟ್ರೈಕ್ರೋಮ್ ಸ್ಲೈಡಿಗೂ ಕಾಣುವುದು ಬೇರೆ ಬೇರೆ

ನಮ್ಮ ಕಡೆ ಮಲ ಪರೀಕ್ಷೆಯ ರಿಪೋರ್ಟುಗಳಲ್ಲಿ 'ಇ.ಎಚ್. ಸಿಸ್ಟ್ ಇದೆ' ಎಂಬ ಸಾಲು ಆಗಾಗ ಕಾಣುತ್ತದೆ. ಇ.ಎಚ್. ಎಂದರೆ ಎಂಟಮೀಬಾ ಹಿಸ್ಟೊಲಿಟಿಕಾ, ಆಮಶಂಕೆ ತರುವ ಅಮೀಬಾ. ಆ ಸಾಲು ಕಂಡ ಕೂಡಲೇ ಮೆಟ್ರೊನಿಡಜೋಲ್ ಮಾತ್ರೆ ಶುರುವಾಗುತ್ತದೆ. ಆದರೆ ಆ ಹೆಸರು ಬರೆಯುವಷ್ಟು ಆಧಾರ ಸ್ಲೈಡಿನಲ್ಲಿತ್ತೇ? ಎಷ್ಟೋ ಸಲ ಇರುವುದಿಲ್ಲ.

ಒಂದು ಕೇಸನ್ನೇ ನೋಡೋಣ. ಐವತ್ತರ ಆಸುಪಾಸಿನ ಒಬ್ಬ ಗೃಹಸ್ಥರು, ಸಕ್ಕರೆ ಕಾಯಿಲೆ ಇರುವವರು. ಕೆಲವು ತಿಂಗಳಿಂದ ದಿನಕ್ಕೆ ಮೂರು ನಾಲ್ಕು ಸಲ ಸಡಿಲ ಭೇದಿ. ರಕ್ತ ಇಲ್ಲ, ಜ್ವರ ಇಲ್ಲ, ತೂಕ ಇಳಿದಿಲ್ಲ. ಬೇರೆ ಲ್ಯಾಬಿನ ಎರಡು ರಿಪೋರ್ಟ್ ಕೈಯಲ್ಲಿತ್ತು. ಎರಡರಲ್ಲೂ 'ಇ.ಎಚ್. ಸಿಸ್ಟ್ ಮತ್ತು ಟ್ರೋಫೋಜೊಯಿಟ್' ಎಂದು ಬರೆದಿತ್ತು. ಎರಡು ಸಲ ಮೆಟ್ರೊನಿಡಜೋಲ್ ಕೋರ್ಸ್ ಮುಗಿಸಿದ್ದರು. ಭೇದಿ ಮಾತ್ರ ನಿಂತಿರಲಿಲ್ಲ. ಅವರ ವೈದ್ಯರು ಇನ್ನೊಮ್ಮೆ ನೋಡಿ ಎಂದು ನಮಗೆ ಕಳಿಸಿದರು.

ಇಂಥ ಸ್ಯಾಂಪಲ್ ಬಂದಾಗ ಮೊದಲ ಕೆಲಸ ಗಡಿಯಾರ ನೋಡುವುದು. ಟ್ರೋಫೋಜೊಯಿಟ್ ಅಂದರೆ ಅಮೀಬಾ ಓಡಾಡಿಕೊಂಡು ತಿನ್ನುವ ಹಂತ. ದೇಹದಿಂದ ಹೊರಬಿದ್ದ ಮೇಲೆ ಅದು ಹೆಚ್ಚು ಹೊತ್ತು ಉಳಿಯುವುದಿಲ್ಲ. ನೀರಾದ ಮಲವನ್ನು ಅರ್ಧ ಗಂಟೆಯೊಳಗೆ, ಮೆತ್ತಗಿದ್ದರೆ ಒಂದು ಗಂಟೆಯೊಳಗೆ ನೋಡಬೇಕು. ಸಿಸ್ಟ್ ಅಂದರೆ ಗಟ್ಟಿ ಗೋಡೆ ಕಟ್ಟಿಕೊಂಡ ಹಂತ, ಅದಕ್ಕೆ ಅಷ್ಟು ಅವಸರ ಇಲ್ಲ. ಬೆಳಿಗ್ಗೆ ತಂದ ಸ್ಯಾಂಪಲ್ ಮಧ್ಯಾಹ್ನದವರೆಗೆ ಟ್ರೇಯಲ್ಲಿ ಕಾದು ಕೂತಿದ್ದರೆ ಟ್ರೋಫೋಜೊಯಿಟ್ ಬಗ್ಗೆ ಏನೂ ಹೇಳಬಾರದು. ಇವರನ್ನು ಲ್ಯಾಬಿಗೇ ಕರೆಸಿ ಸ್ಯಾಂಪಲ್ ತೆಗೆದುಕೊಂಡೆವು.

ಒಂದೇ ಸ್ಲೈಡಿನ ಮೇಲೆ ಒಂದು ಕಡೆ ಸಲೈನ್ ಹನಿ, ಇನ್ನೊಂದು ಕಡೆ ಅಯೋಡಿನ್ ಹನಿ. ಎರಡಕ್ಕೂ ಬೆಂಕಿಕಡ್ಡಿ ತುದಿಯಷ್ಟು, ಅಂದರೆ ಸುಮಾರು 2 ಮಿಲಿಗ್ರಾಂ ಮಲ ಕಲಸಿ ಕವರ್ ಸ್ಲಿಪ್ ಹಾಕಬೇಕು. ಸ್ಲೈಡಿನ ಕೆಳಗೆ ದಿನಪತ್ರಿಕೆ ಇಟ್ಟರೆ ಅಕ್ಷರ ಓದಲು ಬರಬೇಕು. ಬರಲಿಲ್ಲ ಅಂದರೆ ದಪ್ಪ ಜಾಸ್ತಿಯಾಗಿದೆ, ಸಿಸ್ಟ್ ಇದ್ದರೂ ಕಸದ ಕೆಳಗೆ ಮುಚ್ಚಿಹೋಗುತ್ತದೆ. ಲ್ಯೂಗಾಲ್ ಅಯೋಡಿನ್ನನ್ನು ಬಾಟಲಿಯಿಂದ ನೇರವಾಗಿ ಹಾಕುವುದಲ್ಲ. ಒಂದು ಭಾಗಕ್ಕೆ ಐದು ಭಾಗ ನೀರು ಸೇರಿಸಿದರೆ ಗಟ್ಟಿ ಟೀ ಡಿಕಾಕ್ಷನ್ ಬಣ್ಣ ಬರುತ್ತದೆ, ಅದು ಸರಿ. ಅದಕ್ಕಿಂತ ಗಟ್ಟಿಯಿದ್ದರೆ ಮಲವೆಲ್ಲ ಮುದ್ದೆ ಮುದ್ದೆಯಾಗುತ್ತದೆ. ಹಳೆಯದಾಗಿ ಬಣ್ಣ ಮಾಸಿದ್ದರೆ ಸಿಸ್ಟ್ ಬಣ್ಣ ಹೀರುವುದೇ ಇಲ್ಲ. ಇದನ್ನು ಸುಮ್ನೆ ಹೇಳುತ್ತಿಲ್ಲ, ಬಣ್ಣ ಮಾಸಿದ ಅಯೋಡಿನ್ ಬಾಟಲಿಯನ್ನು ಬದಲಾಯಿಸದೆ ಬಳಸುವುದು ತೀರಾ ಸಾಮಾನ್ಯ.

ಅಯೋಡಿನ್ ಮಾಡುವುದು ಮೂರು ಕೆಲಸ. ಸಿಸ್ಟಿನ ಒಳಗಿನ ದ್ರವಕ್ಕೆ ಹಳದಿ ಬಣ್ಣ ಕೊಡುತ್ತದೆ. ಗ್ಲೈಕೋಜನ್ ಶೇಖರವಾಗಿದ್ದರೆ ಅದನ್ನು ಕೆಂಪು ಮಿಶ್ರಿತ ಕಂದು ಮಾಡುತ್ತದೆ. ಹಳದಿ ಹಿನ್ನೆಲೆಯಲ್ಲಿ ನ್ಯೂಕ್ಲಿಯಸ್ಸಿನ ಅಂಚು ಎದ್ದು ಕಾಣುವಂತೆ ಮಾಡುತ್ತದೆ. ಜೊತೆಗೆ ಇದ್ದ ಅಮೀಬಾವನ್ನೆಲ್ಲ ಕೊಲ್ಲುತ್ತದೆ. ಹಾಗಾಗಿ ಓಡಾಟ ನೋಡಲು ಪಕ್ಕದ ಸಲೈನ್ ಹನಿಯೇ ಬೇಕು. ಅಯೋಡಿನ್ ಹನಿಯಲ್ಲಿ ಟ್ರೋಫೋಜೊಯಿಟ್ ಮುದುಡಿದ ಉಂಡೆಯಾಗಿರುತ್ತದೆ. ಕೀವಿನ ಕಣ, ಮ್ಯಾಕ್ರೊಫೇಜ್ ಕೂಡ ಹಾಗೇ ಕಾಣುತ್ತವೆ. ಅಯೋಡಿನ್ ಸ್ಲೈಡ್ ಒಂದನ್ನೇ ನೋಡಿ 'ಟ್ರೋಫೋಜೊಯಿಟ್ ಇದೆ' ಎಂದು ಬರೆದ ರಿಪೋರ್ಟನ್ನು ನಾನು ನಂಬುವುದಿಲ್ಲ.

ಇವರ ಸ್ಲೈಡಿನಲ್ಲಿ ಸಿಸ್ಟುಗಳು ಧಾರಾಳವಾಗಿದ್ದವು. ದುಂಡಗೆ, ಹಳದಿಯಾಗಿ, ಒಳಗೆ ಉಂಗುರದಂಥ ನ್ಯೂಕ್ಲಿಯಸ್. ಹೊಸದಾಗಿ ಸೇರಿದ ಟೆಕ್ನಿಷಿಯನ್ ಹುಡುಗಿ ನೋಡಿ, "ಸರ್, ನಾಲ್ಕು ನ್ಯೂಕ್ಲಿಯಸ್ ಇದೆ, ಹಿಸ್ಟೊಲಿಟಿಕಾನೇ ಅಲ್ವಾ?" ಎಂದಳು.

"ಫೈನ್ ಫೋಕಸ್ ಸ್ವಲ್ಪ ತಿರುಗಿಸಿ ನೋಡಮ್ಮ" ಎಂದೆ.

ಸ್ವಲ್ಪ ಹೊತ್ತು ಬಿಟ್ಟು, "ಈಗ ಬೇರೆ ಮೂರು ಕಾಣ್ತಿದೆ ಸರ್. ಮೊದಲಿನ ನಾಲ್ಕರಲ್ಲಿ ಎರಡು ಮಾಯ."

ಇಲ್ಲೇ ಎಡವುವುದು. ಸಿಸ್ಟ್ ಚಪ್ಪಟೆ ಬಿಲ್ಲೆಯಲ್ಲ, ಗೋಳ. ನ್ಯೂಕ್ಲಿಯಸ್ಸುಗಳು ಬೇರೆ ಬೇರೆ ಆಳದಲ್ಲಿರುತ್ತವೆ. ಒಂದು ಫೋಕಸ್ಸಿನಲ್ಲಿ ಕಂಡಷ್ಟನ್ನೇ ಎಣಿಸಿದರೆ ಎಂಟು ನಾಲ್ಕಾಗುತ್ತದೆ. ಬಲಿತ ಹಿಸ್ಟೊಲಿಟಿಕಾ ಸಿಸ್ಟಿನಲ್ಲಿ ನಾಲ್ಕು ನ್ಯೂಕ್ಲಿಯಸ್ ಇರುತ್ತದೆ. ಎಂಟಮೀಬಾ ಕೋಲಿಯ ಬಲಿತ ಸಿಸ್ಟಿನಲ್ಲಿ ಎಂಟು. ಈ ಕೋಲಿ ಕರುಳಿನಲ್ಲಿ ಸುಮ್ಮನೆ ಬದುಕಿಕೊಂಡಿರುವ ಅಮೀಬಾ, ರೋಗ ತರುವುದಿಲ್ಲ. ಇ. ಕೋಲಿ ಎಂಬ ಬ್ಯಾಕ್ಟೀರಿಯಾಕ್ಕೂ ಇದಕ್ಕೂ ಸಂಬಂಧ ಇಲ್ಲ. ಮೇಲಿನಿಂದ ಕೆಳಗಿನವರೆಗೆ ಫೋಕಸ್ ತಿರುಗಿಸಿ ಎಣಿಸಿದಾಗ ಈ ಸಿಸ್ಟುಗಳಲ್ಲಿ ಆರು, ಏಳು, ಎಂಟು ಸಿಕ್ಕವು. ಮೈಕ್ರೋಮೀಟರಿನಲ್ಲಿ ಅಳೆದರೆ ಹೆಚ್ಚಿನವು 18 ಮೈಕ್ರಾನ್ ಆಸುಪಾಸು. ಕೋಲಿ ಸಾಮಾನ್ಯವಾಗಿ 15ರಿಂದ 25, ಹಿಸ್ಟೊಲಿಟಿಕಾ 12ರಿಂದ 15. ಆದರೆ ಎರಡರ ಅಳತೆಯೂ ಒಂದರ ಮೇಲೊಂದು ಬರುವುದುಂಟು, ಹಾಗಾಗಿ ಬರೀ ಅಳತೆ ನಂಬಿ ಹೆಸರಿಡಬಾರದು. ನಾಲ್ಕಕ್ಕಿಂತ ಹೆಚ್ಚು ನ್ಯೂಕ್ಲಿಯಸ್ ಸಿಕ್ಕಿದ್ದೇ ಇಲ್ಲಿ ಗಟ್ಟಿ ಸಾಕ್ಷಿ.

ಸಿಸ್ಟಿನ ಹೆಸರು ಅಯೋಡಿನ್ನಿನಲ್ಲೇ ತೀರ್ಮಾನವಾಯಿತು. ಆದರೆ ಹಳೆಯ ರಿಪೋರ್ಟಿನಲ್ಲಿ ಟ್ರೋಫೋಜೊಯಿಟ್ ಕೂಡ ಇತ್ತಲ್ಲ. ಒಬ್ಬರ ಕರುಳಿನಲ್ಲಿ ಎರಡು ಜಾತಿ ಒಟ್ಟಿಗೆ ಇರಲು ಸಾಧ್ಯ. ಕೋಲಿ ಸಿಕ್ಕಿತು ಎಂದು ಹಿಸ್ಟೊಲಿಟಿಕಾ ಇಲ್ಲ ಎನ್ನಲಾಗದು. ಇದಕ್ಕೆ ಟ್ರೈಕ್ರೋಮ್ ಬೇಕು.

ಗೊಮೊರಿಯ ಟ್ರೈಕ್ರೋಮ್ ಬಣ್ಣವನ್ನು ಮಲದ ಸ್ಲೈಡಿಗೆ ಹೊಂದುವಂತೆ 1951ರಲ್ಲಿ ಬದಲಾಯಿಸಿದವರು ವೀಟ್ಲಿ. ಅದರಲ್ಲಿ ಕ್ರೋಮೊಟ್ರೋಪ್ 2ಆರ್ ಎಂಬ ಕೆಂಪು ಬಣ್ಣವೂ ಲೈಟ್ ಗ್ರೀನ್ ಎಂಬ ಹಸಿರೂ ಇವೆ. ತೆಳ್ಳಗೆ ಸವರಿದ ಮಲ ಒಣಗುವ ಮೊದಲೇ ಸ್ಲೈಡನ್ನು ಫಿಕ್ಸೆಟಿವಿನಲ್ಲಿ, ಅಂದರೆ ಅಮೀಬಾವನ್ನು ಇದ್ದ ರೂಪದಲ್ಲೇ ಹಿಡಿದಿಡುವ ದ್ರಾವಣದಲ್ಲಿ ಮುಳುಗಿಸಬೇಕು. ಒಣಗಿತೋ, ಮುಂದೆ ಏನು ಮಾಡಿದರೂ ಪ್ರಯೋಜನವಿಲ್ಲ. ಪಾದರಸ ಇರುವ ಷೌಡಿನ್ ಫಿಕ್ಸೆಟಿವ್ ಬಳಸಿದ್ದರೆ, ಆಮೇಲೆ ಅಯೋಡಿನ್ ಬೆರೆಸಿದ 70% ಆಲ್ಕೋಹಾಲಿನಲ್ಲಿ ಇಡಬೇಕು. ಇಲ್ಲಿ ಅಯೋಡಿನ್ನಿನ ಕೆಲಸ ಬಣ್ಣ ಕೊಡುವುದಲ್ಲ, ಪಾದರಸವನ್ನು ತೆಗೆಯುವುದು. ಈ ಹಂತ ಸರಿಯಾಗದಿದ್ದರೆ ಸ್ಲೈಡ್ ತುಂಬ ಹರಳುಗಳು ಕಾಣುತ್ತವೆ. ಪಾದರಸ ಇಲ್ಲದ ಫಿಕ್ಸೆಟಿವ್ ಆದರೆ ಈ ಹಂತದ ಅಗತ್ಯವೇ ಇಲ್ಲ. ನಂತರ ಬರೀ 70% ಆಲ್ಕೋಹಾಲಿನಲ್ಲಿ ಎರಡು ಸಲ ಐದೈದು ನಿಮಿಷ, ಟ್ರೈಕ್ರೋಮಿನಲ್ಲಿ 10 ನಿಮಿಷ.

ಆಮೇಲಿನ ಹಂತದಲ್ಲಿ ಕೈ ಚುರುಕಾಗಿರಬೇಕು. ಸ್ವಲ್ಪ ಅಸೆಟಿಕ್ ಆಮ್ಲ ಸೇರಿಸಿದ 90% ಆಲ್ಕೋಹಾಲಿನಲ್ಲಿ ಸ್ಲೈಡನ್ನು ಒಂದರಿಂದ ಮೂರು ಸೆಕೆಂಡು ಮಾತ್ರ ಅದ್ದಬೇಕು. ಇದು ಹೆಚ್ಚಾದ ಬಣ್ಣ ಬಿಡಿಸುತ್ತದೆ. ಆ ಕ್ಷಣವೇ ಶುದ್ಧ ಆಲ್ಕೋಹಾಲಿಗೆ ಹಾಕಿ ಆಮ್ಲ ತೊಳೆಯಬೇಕು, ಇಲ್ಲದಿದ್ದರೆ ಬಣ್ಣ ಬಿಡುತ್ತಲೇ ಹೋಗುತ್ತದೆ. ಹೊತ್ತು ಮೀರಿದರೆ ನ್ಯೂಕ್ಲಿಯಸ್ ಪೇಲವ, ಸಾಲದಿದ್ದರೆ ಎಲ್ಲವೂ ಒಂದೇ ಕಡುಬಣ್ಣ. ಕೊನೆಗೆ ಮತ್ತೆ ಶುದ್ಧ ಆಲ್ಕೋಹಾಲು, ಜೈಲೀನ್. ಜೈಲೀನ್ ಹಾಲಿನಂತೆ ಬೆಳ್ಳಗಾದರೆ ಸ್ಲೈಡಿನಲ್ಲಿ ಇನ್ನೂ ನೀರಿದೆ ಎಂದರ್ಥ. ಹಿಂದಿರುಗಿಸಿ ಹೊಸ ಆಲ್ಕೋಹಾಲಿಗೆ ಹಾಕಬೇಕು.

ಸರಿಯಾಗಿ ಬಂದ ಸ್ಲೈಡಿನಲ್ಲಿ ಹಿನ್ನೆಲೆ ಹಸಿರು, ಅಮೀಬಾದ ಮೈ ನೀಲಿ ಹಸಿರು, ನ್ಯೂಕ್ಲಿಯಸ್ಸಿನ ಒಳರಚನೆ ಕೆಂಪು. ನುಂಗಿದ ಕೆಂಪು ರಕ್ತಕಣವೂ ಕೆಂಪಾಗಿಯೇ ಕಾಣುತ್ತದೆ. ಎಣ್ಣೆ ಹಾಕಿ ನೂರರ ಲೆನ್ಸಿನಲ್ಲಿ 200ರಿಂದ 300 ಫೀಲ್ಡ್ ನೋಡಬೇಕು. ಬೇಸರದ ಕೆಲಸ, ನಿಜ.

ಇವರ ಸ್ಲೈಡಿನಲ್ಲಿ ಟ್ರೋಫೋಜೊಯಿಟ್ ಇದ್ದವು. ನ್ಯೂಕ್ಲಿಯಸ್ಸಿನ ಗೋಡೆಗೆ ಅಂಟಿಕೊಂಡ ಕಣಗಳು ದಪ್ಪ ದಪ್ಪ, ಒಂದೊಂದು ಕಡೆ ಒಂದೊಂದು ಗಾತ್ರ. ಒಳಗಿನ ಚುಕ್ಕೆ ದೊಡ್ಡದು, ನಡುವಿನಿಂದ ಪಕ್ಕಕ್ಕೆ ಸರಿದಿತ್ತು. ಮೈಯೊಳಗೆ ಬ್ಯಾಕ್ಟೀರಿಯಾ ನುಂಗಿದ ಗುಳ್ಳೆಗಳು, ರಕ್ತಕಣ ಒಂದೂ ಇಲ್ಲ. ಇದು ಕೋಲಿಯ ಲಕ್ಷಣ. ಹಿಸ್ಟೊಲಿಟಿಕಾ ಆಗಿದ್ದರೆ ಕಣಗಳು ನಯವಾಗಿ ಸಮನಾಗಿ ಹರಡಿ, ಚುಕ್ಕೆ ಚಿಕ್ಕದಾಗಿ ನಡುವೆ ಇರಬೇಕಿತ್ತು. ಅಂಥದ್ದು ಒಂದೂ ಸಿಗಲಿಲ್ಲ.

ತಮಾಷೆಯೆಂದರೆ ಅಯೋಡಿನ್ನಿನಲ್ಲಿ ಅಷ್ಟು ಚಂದ ಕಂಡ ಕೋಲಿ ಸಿಸ್ಟುಗಳು ಟ್ರೈಕ್ರೋಮಿನಲ್ಲಿ ಸೊಟ್ಟಗಾಗಿ, ಒಳಗೇನಿದೆ ಎಂದು ತಿಳಿಯದಂತೆ ಕೆಂಪಗಾಗಿದ್ದವು. ಬಲಿತ ಕೋಲಿ ಸಿಸ್ಟಿನ ಗೋಡೆ ದಾಟಿ ಫಿಕ್ಸೆಟಿವ್ ಒಳಗೆ ಇಳಿಯುವುದು ಕಷ್ಟ. ಟ್ರೈಕ್ರೋಮ್ ದುಬಾರಿ, ಹೊತ್ತು ಹಿಡಿಯುತ್ತದೆ, ಆದ್ದರಿಂದ ಅದರ ಮಾತೇ ಕೊನೆಯದು ಎಂದುಕೊಳ್ಳುವವರಿದ್ದಾರೆ. ಈ ಕೇಸಿನಲ್ಲಿ ಅದೊಂದನ್ನೇ ನೋಡಿದ್ದರೆ ಸಿಸ್ಟಿಗೆ ಹೆಸರಿಡಲು ಆಗುತ್ತಿರಲಿಲ್ಲ. ಅಯೋಡಮೀಬಾ ಎಂಬ ಇನ್ನೊಂದು ನಿರುಪದ್ರವಿಯದ್ದೂ ಹೆಚ್ಚುಕಡಿಮೆ ಇದೇ ಕತೆ. ಅದರ ಸಿಸ್ಟಿನಲ್ಲಿರುವ ದೊಡ್ಡ ಗ್ಲೈಕೋಜನ್ ಗಡ್ಡೆ ಅಯೋಡಿನ್ನಿನಲ್ಲಿ ಕಡುಕಂದಾಗಿ ಕಣ್ಣಿಗೆ ಹೊಡೆಯುತ್ತದೆ. ಟ್ರೈಕ್ರೋಮಿನ ಹೊತ್ತಿಗೆ ಗ್ಲೈಕೋಜನ್ ಕರಗಿ ಹೋಗಿ ಬರೀ ಖಾಲಿ ಜಾಗ ಉಳಿದಿರುತ್ತದೆ.

ಡೈಎಂಟಮೀಬಾ ಫ್ರಾಜಿಲಿಸ್ ಎಂಬ ಇನ್ನೊಂದು ಕರುಳಿನ ಪರಾವಲಂಬಿ ಇದಕ್ಕೆ ತದ್ವಿರುದ್ಧ. ಮಲದಲ್ಲಿ ಅದರ ಸಿಸ್ಟ್ ಸಿಗುವುದು ತೀರಾ ಅಪರೂಪ. ಅಯೋಡಿನ್ನಿನಲ್ಲಿ ಅದರ ನ್ಯೂಕ್ಲಿಯಸ್ ಕಾಣುವುದಿಲ್ಲ. ಟ್ರೈಕ್ರೋಮ್ ಮಾಡಿದಾಗಲೇ ಚೂರುಚೂರಾದ ಚುಕ್ಕೆಯಿರುವ ಎರಡು ನ್ಯೂಕ್ಲಿಯಸ್ ಕಂಡು ಅದು ಸಿಕ್ಕಿಬೀಳುವುದು. ಇವರಲ್ಲಿ ಅದನ್ನೂ ಹುಡುಕಿದೆವು, ಇರಲಿಲ್ಲ.

ಒಂದು ದಿನ ಬಿಟ್ಟು ಒಂದು ದಿನ ಇನ್ನೆರಡು ಸ್ಯಾಂಪಲ್ ನೋಡಿದೆವು. ಅದೇ ಚಿತ್ರ. 'ಎಂಟಮೀಬಾ ಕೋಲಿ ಸಿಸ್ಟ್ ಮತ್ತು ಟ್ರೋಫೋಜೊಯಿಟ್ ಇದೆ. ರೋಗ ತರುವ ಜಾತಿಯಲ್ಲ' ಎಂದು ಬರೆದು ಕಳಿಸಿದೆವು. ಅವರ ವೈದ್ಯರು ಔಷಧಿಗಳ ಪಟ್ಟಿ ತೆಗೆದು ನೋಡಿದರು. ಭೇದಿ ಶುರುವಾದದ್ದು ಸಕ್ಕರೆ ಕಾಯಿಲೆಗೆ ಕೊಡುವ ಮೆಟ್‌ಫಾರ್ಮಿನ್ ಡೋಸ್ ಏರಿಸಿದ ಮೇಲೆ. ನಿಧಾನವಾಗಿ ಬಿಡುಗಡೆಯಾಗುವ ಬಗೆಯ ಮಾತ್ರೆಗೆ ಬದಲಾಯಿಸಿದರು. ಭೇದಿ ಹತೋಟಿಗೆ ಬಂತು. ಅಮೀಬಾ ಬಹುಶಃ ಇನ್ನೂ ಅಲ್ಲೇ ಇದೆ, ಇದ್ದರೆ ತೊಂದರೆಯೂ ಇಲ್ಲ. ಅದು ಹೇಳುವುದು ಒಂದೇ: ಎಂದೋ ಮಲ ಸೋಂಕಿದ ನೀರೋ ಆಹಾರವೋ ಹೊಟ್ಟೆ ಸೇರಿದೆ.

ಇನ್ನು ನಿಜವಾಗಿಯೂ ನಾಲ್ಕೇ ನ್ಯೂಕ್ಲಿಯಸ್ ಸಿಕ್ಕಿದ್ದರೆ? ಆಗಲೂ 'ಇ.ಎಚ್.' ಎಂದು ನೇರವಾಗಿ ಬರೆಯಲು ಬರುವುದಿಲ್ಲ. ನಿರುಪದ್ರವಿ ಎಂಟಮೀಬಾ ಡಿಸ್ಪಾರ್ ನೋಡಲು ತದ್ರೂಪಿ. ಅಯೋಡಿನ್ನಿಗೂ ಟ್ರೈಕ್ರೋಮಿಗೂ ಅವೆರಡರ ವ್ಯತ್ಯಾಸ ಗೊತ್ತಾಗುವುದಿಲ್ಲ. ಟ್ರೋಫೋಜೊಯಿಟ್ ಒಳಗೆ ಕೆಂಪು ರಕ್ತಕಣ ಕಂಡರೆ ಹಿಸ್ಟೊಲಿಟಿಕಾ ಎನ್ನಲು ಬಲವಾದ ಆಧಾರ. ಕಾಣದಿದ್ದರೆ ಎರಡೂ ಹೆಸರು ಸೇರಿಸಿ 'ಹಿಸ್ಟೊಲಿಟಿಕಾ/ಡಿಸ್ಪಾರ್' ಎಂದು ಬರೆಯಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು 1997ರಲ್ಲೇ ಹೇಳಿದ್ದಾರೆ. ಬೇರ್ಪಡಿಸಲು ಹಿಸ್ಟೊಲಿಟಿಕಾಕ್ಕೇ ಮೀಸಲಾದ ಆಂಟಿಜನ್ ಪರೀಕ್ಷೆ ಅಥವಾ ಪಿ.ಸಿ.ಆರ್. ಬೇಕು. ಹಿಸ್ಟೊಲಿಟಿಕಾ ಎಂದೇ ಖಚಿತವಾದರೂ ಕರುಳಿನೊಳಗಿನ ಸಿಸ್ಟ್ ತೆಗೆಯಲು ಮೆಟ್ರೊನಿಡಜೋಲ್ ಒಂದೇ ಸಾಲದು. ಡೈಲಾಕ್ಸನೈಡ್ ಅಥವಾ ಪ್ಯಾರೊಮೊಮೈಸಿನ್ ಕೊಡಬೇಕಾಗುತ್ತದೆ.

ಎಚ್‌ಐವಿ ಇರುವವರಲ್ಲಿ, ಕಿಡ್ನಿ ಕಸಿ ಆದವರಲ್ಲಿ ನೀರು ಭೇದಿ ನಿಲ್ಲದಿದ್ದರೆ ಈ ಎರಡು ಸ್ಲೈಡನ್ನು ಮಾತ್ರ ನಂಬಿ ಕೂರಬಾರದು. ಕ್ರಿಪ್ಟೊಸ್ಪೊರಿಡಿಯಂ, ಸೈಕ್ಲೋಸ್ಪೋರಾ ಎಂಬ ಭೇದಿ ತರುವ ಪರಾವಲಂಬಿಗಳು ಎರಡೂ ಇಲ್ಲಿ ತಪ್ಪಿಸಿಕೊಳ್ಳುತ್ತವೆ. ಅವಕ್ಕೆ ಮಾಡಿಫೈಡ್ ಆಸಿಡ್ ಫಾಸ್ಟ್ ಬಣ್ಣ ಬೇಕು. ಅದು ಬೇಕೆಂದು ವೈದ್ಯರು ಚೀಟಿಯಲ್ಲಿ ಬರೆದು ಕೇಳದಿದ್ದರೆ ಹೆಚ್ಚಿನ ಲ್ಯಾಬುಗಳು ಅದನ್ನು ಮಾಡುವುದೇ ಇಲ್ಲ.