ಒಂದೇ ಮನೆಯವರು, ಎರಡು ಪಿಎನ್‌ಆರ್: ಲಗೇಜಿಗೂ ಸೀಟಿಗೂ ದುಡ್ಡು ಹೋಗುವುದು ಇಲ್ಲೇ

‘ನಾವೆಲ್ಲ ಒಂದೇ ಮನೆಯವರು, ಒಂದೇ ವಿಮಾನ. ಒಟ್ಟು ತೂಕ ನೋಡಿ ಸಾರ್.’ ಚೆಕ್-ಇನ್ ಕೌಂಟರಿನ ಮುಂದೆ ಈ ಮಾತು ಕೇಳದ ದಿನವಿಲ್ಲ. ಕೌಂಟರಿನವರ ಕಂಪ್ಯೂಟರಿಗೆ ಮನೆತನ ಕಾಣುವುದಿಲ್ಲ, ಒಂದು ಬುಕಿಂಗಿಗೆ ಒಂದರಂತೆ ಕೊಡುವ ಪಿಎನ್‌ಆರ್ ಸಂಖ್ಯೆ ಕಾಣುತ್ತದೆ. ಇಷ್ಟು ತಿಳಿಯದೆ ಅನೇಕರು ಟಿಕೆಟಿನಲ್ಲಿ ಉಳಿಸಿದ ಹಣವನ್ನು ವಿಮಾನ ನಿಲ್ದಾಣದಲ್ಲಿ ಕೊಟ್ಟು ಬರುತ್ತಾರೆ.

ಪಿಎನ್‌ಆರ್ ಎರಡಾಗುವುದಕ್ಕೆ ಒಂದು ಕಾರಣವಿದೆ. ವಿಮಾನದ ಸೀಟುಗಳನ್ನು ಬೇರೆ ಬೇರೆ ದರದ ಹಂತಗಳಲ್ಲಿ ಮಾರುತ್ತಾರೆ. ಅಗ್ಗದ ಹಂತದಲ್ಲಿ ಎರಡೇ ಸೀಟು ಉಳಿದಿರುವಾಗ ನಾಲ್ಕು ಜನರಿಗೆ ಹುಡುಕಿದರೆ, ಸಾಮಾನ್ಯವಾಗಿ ನಾಲ್ವರಿಗೂ ಮೇಲಿನ ಹಂತದ ದರವೇ ಬರುತ್ತದೆ. ಇಬ್ಬಿಬ್ಬರಿಗೆ ಬೇರೆ ಬೇರೆಯಾಗಿ ಬುಕ್ ಮಾಡಿದರೆ ಮೊದಲ ಇಬ್ಬರಿಗೆ ಅಗ್ಗದ ದರ ಸಿಗುತ್ತದೆ. ಉಪಾಯವೇನೋ ಸರಿ, ಆದರೆ ಲಗೇಜು ಮತ್ತು ಸೀಟಿನ ಲೆಕ್ಕವೂ ಅಲ್ಲಿಗೇ ಎರಡಾಗಿ ಒಡೆಯುತ್ತದೆ.

ಒಂದು ಉದಾಹರಣೆ ನೋಡೋಣ. ಗಂಡ ಹೆಂಡತಿ ಒಂದು ಪಿಎನ್‌ಆರ್‌ನಲ್ಲಿ, ಅಜ್ಜಿ ಮೊಮ್ಮಗ ಇನ್ನೊಂದರಲ್ಲಿ. ತಲೆಗೆ 15 ಕಿಲೋದಂತೆ ನಾಲ್ವರಿಗೆ 60 ಕಿಲೋ. ಇರುವುದು 24, 13 ಮತ್ತು 12 ಕಿಲೋಗಳ ಮೂರು ಸೂಟ್‌ಕೇಸ್, ಒಟ್ಟು 49. ಮನೆಯಲ್ಲಿ ಕೂಡಿ ನೋಡಿದವರಿಗೆ 11 ಕಿಲೋ ಇನ್ನೂ ಬಾಕಿ ಉಂಟು. ಕೌಂಟರಿನಲ್ಲಿ ಗಂಡ ಹೆಂಡತಿ 24 ಮತ್ತು 13ರ ಎರಡನ್ನೂ ತಮ್ಮ ಹೆಸರಿಗೆ ಇಟ್ಟರೆ 37 ಆಯಿತು. ಅವರ ಮಿತಿ 30, ಹಾಗಾಗಿ 7 ಕಿಲೋಗೆ ಹೆಚ್ಚುವರಿ ಶುಲ್ಕ. ಪಕ್ಕದಲ್ಲೇ ಅಜ್ಜಿ ಮೊಮ್ಮಗನ 30 ಕಿಲೋದಲ್ಲಿ 18 ಕಿಲೋ ಖಾಲಿ ಉಳಿದಿರುತ್ತದೆ, ಉಪಯೋಗಕ್ಕಿಲ್ಲ.

ಪರಿಹಾರ ಸುಲಭ. 13 ಕಿಲೋದ ಸೂಟ್‌ಕೇಸನ್ನು ಅಜ್ಜಿಯ ಪಿಎನ್‌ಆರ್‌ಗೆ ಹಾಕಿಸಿ. ಒಂದು ಕಡೆ 24, ಇನ್ನೊಂದು ಕಡೆ 25. ಎರಡೂ ಮಿತಿಯೊಳಗೆ, ಒಂದು ಪೈಸೆ ಶುಲ್ಕವಿಲ್ಲ. ಆದರೆ ಇದನ್ನು ಟ್ಯಾಗ್ ಪ್ರಿಂಟ್ ಆಗುವ ಮೊದಲು ಹೇಳಬೇಕು. ಬೆಲ್ಟಿನ ಮೇಲೆ ಹೋದ ಚೀಲವನ್ನು ವಾಪಸ್ ತರಿಸಿ ಹೆಸರು ಬದಲಿಸುವುದು ದೊಡ್ಡ ರಗಳೆ. ಚೀಲ ಯಾರ ಹೆಸರಿನಲ್ಲಿದೆಯೋ ಅವರ ಬಳಿಯೇ ಟ್ಯಾಗ್ ಚೀಟಿ ಇರಲಿ, ಒಳಗೆ ಏನಿದೆ ಎಂದು ಅವರಿಗೆ ಗೊತ್ತಿರಲಿ. ಭದ್ರತಾ ತಪಾಸಣೆಯಲ್ಲಿ ಏನಾದರೂ ಕಂಡರೆ ಕರೆಸುವುದು ಅವರನ್ನೇ.

ಇಲ್ಲಿ ಎರಡು ಎಚ್ಚರಿಕೆ. ಒಂದೇ ಪಿಎನ್‌ಆರ್‌ನವರ ತೂಕ ಕೂಡಿಸುವ ಸೌಲಭ್ಯ ಎಲ್ಲ ಸಂಸ್ಥೆಗಳಲ್ಲೂ ಇಲ್ಲ. ತೂಕದ ಬದಲು ಚೀಲದ ಎಣಿಕೆಯಲ್ಲಿ ಲಗೇಜು ಕೊಡುವ ಟಿಕೆಟಿಗಂತೂ ಅದು ಸಾಮಾನ್ಯವಾಗಿ ಅನ್ವಯಿಸುವುದಿಲ್ಲ. ಟಿಕೆಟಿನ ಷರತ್ತು ಓದಿಯೇ ಹೊರಡಿ. ಇನ್ನೊಂದು, ತೂಕ ಕೂಡುತ್ತದೆಂದು ಎಲ್ಲವನ್ನೂ ಒಂದೇ ದೊಡ್ಡ ಪೆಟ್ಟಿಗೆಗೆ ತುಂಬಬೇಡಿ. ಲೋಡ್ ಮಾಡುವವರ ಸುರಕ್ಷತೆಗಾಗಿ ಅನೇಕ ಸಂಸ್ಥೆಗಳು 32 ಕಿಲೋ ದಾಟಿದ ಒಂಟಿ ಚೀಲವನ್ನು ಹಣ ಕೊಟ್ಟರೂ ಮುಟ್ಟುವುದಿಲ್ಲ.

ತೂಕ ನಿಜವಾಗಿಯೂ ಹೆಚ್ಚಿದ್ದರೆ ಮುಂಚಿತವಾಗಿಯೇ ಆನ್‌ಲೈನಿನಲ್ಲಿ ಕೊಂಡುಬಿಡಿ. ಅಲ್ಲಿ 5, 10 ಕಿಲೋಗಳ ಪ್ಯಾಕ್ ಆಗಿ ಸಿಗುವುದು, ಕೌಂಟರಿನಲ್ಲಿ ಪ್ರತಿ ಕಿಲೋಗೆ ಅದಕ್ಕಿಂತ ದುಬಾರಿ ದರ. ಈ ಮುಂಗಡ ಮಾರಾಟ ವಿಮಾನ ಹೊರಡುವ ಕೆಲವು ಗಂಟೆ ಮೊದಲೇ ಮುಚ್ಚುತ್ತದೆ. ಕೌಂಟರಿನಲ್ಲಿ ನಿಂತು ಮೊಬೈಲಿನಲ್ಲಿ ಕೊಳ್ಳಲು ಪರದಾಡುವವರನ್ನು ಕಂಡರೆ ಬೇಸರವಾಗುತ್ತದೆ. ಕೊಂಡ ಪ್ಯಾಕ್ ಕೂಡ ಯಾವ ಪಿಎನ್‌ಆರ್‌ಗೆ, ಯಾವ ಪ್ರಯಾಣಕ್ಕೆ ಕೊಂಡಿರೋ ಅದಕ್ಕೇ. ಹೋಗುವಾಗ ಕೊಂಡದ್ದು ಬರುವಾಗ ಸಲ್ಲುವುದಿಲ್ಲ.

ಸೀಟಿನ ಕಥೆಯೂ ಇದೇ. ವೆಬ್ ಚೆಕ್-ಇನ್ ಮಾಡುವಾಗ ತೆರೆಯುವ ನಕ್ಷೆಯಲ್ಲಿ ಬಹುತೇಕ ಸೀಟುಗಳ ಮೇಲೆ ಬೆಲೆ ಕಾಣುತ್ತದೆ, ಜನ ಕಡ್ಡಾಯವೆಂದುಕೊಂಡು ಕೊಡುತ್ತಾರೆ. ಸಾಮಾನ್ಯವಾಗಿ ಅದೇ ಪುಟದ ಒಂದು ಮೂಲೆಯಲ್ಲಿ ಸೀಟು ಆರಿಸದೆ ಮುಂದುವರಿಯುವ ಆಯ್ಕೆ ಇರುತ್ತದೆ. ಅದನ್ನು ಒತ್ತಿದರೆ ವ್ಯವಸ್ಥೆಯೇ ಒಂದು ಸೀಟು ಕೊಡುತ್ತದೆ, ಶುಲ್ಕವಿಲ್ಲ. ಎಲ್ಲಿ ಎಂಬುದು ಮಾತ್ರ ನಿಮ್ಮ ಕೈಯಲ್ಲಿಲ್ಲ. ಒಟ್ಟಿಗೆ ಕೂರಿಸುವ ಪ್ರಯತ್ನ ನಡೆದರೂ ಅದು ಒಂದೇ ಪಿಎನ್‌ಆರ್‌ನವರಿಗೆ ಮಾತ್ರ. ಎರಡು ಪಿಎನ್‌ಆರ್‌ನವರು ಅಪರಿಚಿತರಿದ್ದಂತೆ, ಪಕ್ಕಪಕ್ಕ ಬೇಕಾದರೆ ಎರಡೂ ಕಡೆ ಸೀಟು ಕೊಳ್ಳಬೇಕಾಗುತ್ತದೆ. ಅಜ್ಜಿಗೊಂದು ಸೀಟು ಕೊಂಡು ಉಳಿದವರನ್ನು ವ್ಯವಸ್ಥೆಗೆ ಬಿಟ್ಟರೆ ಹುಡುಗ ಹತ್ತು ಸಾಲು ಹಿಂದೆ ಬೀಳಬಹುದು. ನಡುವೆ ವಿಮಾನ ಬದಲಿಸುವುದಿದ್ದರೆ ಆ ಎರಡನೆಯ ವಿಮಾನಕ್ಕೂ ಸೀಟಿನ ಶುಲ್ಕ ಬೇರೆ ಎಂದು ಎಣಿಸಿಕೊಳ್ಳಿ.

ಇನ್ನೊಂದು ಮಾತು ಪದೇ ಪದೇ ಹೇಳಬೇಕಾಗುತ್ತದೆ. ಒಂದು ಪಿಎನ್‌ಆರ್ ಅನ್ನು ಆಮೇಲೆ ಎರಡಾಗಿ ಒಡೆಯಬಹುದು. ಬೇರೆ ಬೇರೆ ಕೊಂಡ ಎರಡನ್ನು ಆಮೇಲೆ ಒಂದು ಮಾಡಿಕೊಡಿ ಎಂದರೆ ಸಾಧ್ಯವಾಗುವುದಿಲ್ಲ. ಹೀಗಾಗಿ ಒಡೆದು ಬುಕ್ ಮಾಡುವ ಮುಂಚೆ ಕಾಗದದ ಮೇಲೆ ಒಂದು ಲೆಕ್ಕ ಹಾಕಿ: ಟಿಕೆಟಿನಲ್ಲಿ ಉಳಿಯುವುದೆಷ್ಟು, ಸೀಟಿಗೆ ಎಷ್ಟು ಹೋಗುತ್ತದೆ, ಯಾವ ಚೀಲ ಯಾರ ಹೆಸರಿಗೆ. ಆದರೂ ಒಡೆಯುವುದೇ ಲಾಭವೆಂದು ಕಂಡರೆ, ಮಗುವನ್ನು ಅದರ ಪಕ್ಕ ಕೂರಬೇಕಾದ ದೊಡ್ಡವರ ಪಿಎನ್‌ಆರ್‌ನಲ್ಲೇ ಇಡಿ, ಹೊರಡುವ ಹಿಂದಿನ ರಾತ್ರಿ ಚೀಲಗಳನ್ನು ತೂಗಿ ಯಾವುದು ಯಾವ ಪಿಎನ್‌ಆರ್‌ಗೆ ಎಂದು ಪಟ್ಟಿಯಲ್ಲಿ ಬರೆದುಕೊಳ್ಳಿ.