ಕೊನೆ ಮನೆಗೆ ನೀರು ಏರದ ಲೆಕ್ಕ: ಹೇಜನ್–ವಿಲಿಯಮ್ಸ್ ಸೂತ್ರ ಎಲ್ಲಿಂದ ಬಂತು, ಎಲ್ಲಿ ನಿಲ್ಲುತ್ತದೆ

ಮೈಸೂರಿನ ಹಳೆ ಬಡಾವಣೆಯೊಂದಕ್ಕೆ ಓವರ್‌ಹೆಡ್ ಟ್ಯಾಂಕಿನಿಂದ 300 ಮಿ.ಮೀ. ವ್ಯಾಸದ ಸಿ.ಐ., ಅಂದರೆ ಎರಕದ ಕಬ್ಬಿಣದ, ಪೈಪು 1,800 ಮೀಟರ್ ಹೋಗಿದೆ ಎಂದಿಟ್ಟುಕೊಳ್ಳೋಣ. ಟ್ಯಾಂಕಿನ ನೀರಿನ ಮಟ್ಟ ಕೊನೆಯ ರಸ್ತೆಗಿಂತ 24 ಮೀಟರ್ ಎತ್ತರದಲ್ಲಿದೆ. ನಕ್ಷೆಯ ಲೆಕ್ಕದಂತೆ ಕೊನೆಯ ಮನೆಯ ಮುಂದೆ ಎಂಟೂವರೆ ಮೀಟರ್ ನೀರಿನ ಎತ್ತರದಷ್ಟು ಒತ್ತಡ ಉಳಿಯಬೇಕು. ಒಂದಂತಸ್ತಿನ ಮನೆಗೆ ಕೇಂದ್ರದ 1999ರ ನೀರು ಸರಬರಾಜು ಕೈಪಿಡಿ ಕೇಳಿದ್ದು 7 ಮೀಟರ್ ಮಾತ್ರ. ಆದರೂ ನೀರು ಬಿಟ್ಟ ಹೊತ್ತಿನಲ್ಲಿ ಮೊದಲ ಅಡ್ಡರಸ್ತೆಗಳ ಸಂಪು ತುಂಬಿ ಹರಿಯುತ್ತದೆ, ಕೊನೆಯವರಿಗೆ ಬರುವುದು ಬೆರಳು ಗಾತ್ರದ ಧಾರೆ. ದೂರು ಬಂದಾಗ ವಾಲ್ವ್‌ಮ್ಯಾನ್ ಮೇಲೋ ಅಕ್ರಮ ಸಂಪರ್ಕದ ಮೇಲೋ ತಪ್ಪು ಹೊರಿಸುವುದು ಸುಲಭ. ಆದರೆ ಅಂಥ ಕೆಲವು ಕಡೆ ತಪ್ಪು ಇರುವುದು ಲೆಕ್ಕದಲ್ಲೇ. ಅದನ್ನು ತಿಳಿಯಲು ಆ ಲೆಕ್ಕದ ಸೂತ್ರ ಹುಟ್ಟಿದ್ದು ಹೇಗೆ ಎಂದು ನೋಡಬೇಕು.

ಪೈಪಿನಲ್ಲಿ ನೀರು ಹರಿದಾಗ ಗೋಡೆಯ ಘರ್ಷಣೆಗೆ ಒತ್ತಡ ಸವೆಯುತ್ತದೆ. ಎಷ್ಟು ಸವೆಯುತ್ತದೆ ಎಂಬುದಕ್ಕೆ ಹತ್ತೊಂಬತ್ತನೆಯ ಶತಮಾನದ ಕೊನೆಗೆ ಹಲವು ಸೂತ್ರಗಳಿದ್ದವು. ಫ್ರಾನ್ಸಿನ ಷೆಝಿ ಕೊಟ್ಟ ಸೂತ್ರದಲ್ಲಿ ಒಂದು ಗುಣಾಂಕವಿತ್ತು, ಆದರೆ ಅದು ಪೈಪಿನ ಗಾತ್ರ ಬದಲಾದಾಗೆಲ್ಲ ಬದಲಾಗುತ್ತಿತ್ತು. ಡಾರ್ಸಿ 1857ರಷ್ಟು ಹಿಂದೆಯೇ ಹೊಸ ಪೈಪು, ಹಳೆ ಪೈಪು ಎರಡನ್ನೂ ಅಳೆದು, ಒಳಗೆ ತುಕ್ಕು ಕಟ್ಟಿದ ಪೈಪಿನಲ್ಲಿ ನಷ್ಟ ಬಹಳ ಹೆಚ್ಚು ಎಂದು ತೋರಿಸಿದ್ದರು. ಊರಿನ ನೀರು ಸರಬರಾಜು ನೋಡಿಕೊಳ್ಳುವ ಎಂಜಿನಿಯರಿಗೆ ಬೇಕಿದ್ದುದು ಇಷ್ಟೇ: ಪೈಪಿನ ಸ್ಥಿತಿಗೆ ಒಂದೇ ಒಂದು ಅಂಕಿ, ಅದು ಗಾತ್ರಕ್ಕೂ ವೇಗಕ್ಕೂ ಆದಷ್ಟು ಅಲುಗಾಡದೆ ನಿಲ್ಲಬೇಕು.

ಅಮೆರಿಕದ ಅಲೆನ್ ಹೇಜನ್ ಮತ್ತು ಗಾರ್ಡ್ನರ್ ವಿಲಿಯಮ್ಸ್ ಅದನ್ನೇ ಮಾಡಿದರು. ಆಗಿನವರೆಗೆ ಸಿಕ್ಕ ಅಳತೆಗಳನ್ನು ಒಟ್ಟುಗೂಡಿಸಿ, ಗುಣಾಂಕ ಆದಷ್ಟು ಸ್ಥಿರವಾಗಿರುವಂತೆ ಘಾತಗಳನ್ನು ಆರಿಸಿಕೊಂಡರು. ಅವರ ಕೋಷ್ಟಕಗಳು 1905ರಲ್ಲಿ ಪುಸ್ತಕವಾಗಿ ಬಂದವು. ಕನ್ನಂಬಾಡಿ ಕಟ್ಟೆಯ ಕೆಲಸ ಶುರುವಾದದ್ದು 1911ರಲ್ಲಿ. ಈ ಸೂತ್ರ ಅದಕ್ಕಿಂತ ಆರು ವರ್ಷ ಹಿರಿದು. ಮೆಟ್ರಿಕ್‌ನಲ್ಲಿ ಇಂದು ಅದನ್ನು ಹೀಗೆ ಬರೆಯುತ್ತೇವೆ:

```
hf = 10.67 × L × Q^1.852 / (C^1.852 × d^4.87)
```

ಇಲ್ಲಿ hf ಮೀಟರಿನಲ್ಲಿ ಒತ್ತಡ ನಷ್ಟ, L ಉದ್ದ, d ಒಳವ್ಯಾಸ, ಎರಡೂ ಮೀಟರಿನಲ್ಲಿ; Q ಸೆಕೆಂಡಿಗೆ ಘನ ಮೀಟರಿನಲ್ಲಿ. C ಪೈಪಿನ ಒಳಗೋಡೆಯ ನುಣುಪನ್ನು ಹೇಳುವ ಅಂಕಿ, ನುಣುಪು ಹೆಚ್ಚಿದಷ್ಟೂ C ದೊಡ್ಡದು. ಹೊಸ ಸಿ.ಐ. ಪೈಪಿಗೆ ಸುಮಾರು 130, ವಿನ್ಯಾಸಕ್ಕೆ 100 ಎಂದು ಹಿಡಿಯುವುದು ರೂಢಿ.

ಮೂಲ ಸೂತ್ರದ ಒಂದು ಸಣ್ಣ ವಿವರವನ್ನು ಹತ್ತಿರದಿಂದ ನೋಡಿದರೆ ಇಡೀ ಕಥೆ ತೆರೆದುಕೊಳ್ಳುತ್ತದೆ. ಅಡಿ ಲೆಕ್ಕದ ಮೂಲದಲ್ಲಿ 1.318 ಎಂಬ ಸ್ಥಿರಾಂಕವಿದೆ. ಅದು ಪ್ರಯೋಗದಲ್ಲಿ ಸಿಕ್ಕ ಅಂಕಿಯಲ್ಲ. 0.001ರ ಮೈನಸ್ 0.04 ಘಾತ ತೆಗೆದರೆ ಬರುವುದೇ 1.318. ಜಲೀಯ ತ್ರಿಜ್ಯ, ಅಂದರೆ ತುಂಬಿ ಹರಿಯುವ ಪೈಪಿನ ವ್ಯಾಸದ ಕಾಲು ಭಾಗ, 1 ಅಡಿ, ಇಳಿಜಾರು ಸಾವಿರಕ್ಕೆ ಒಂದು ಇರುವಾಗ ತಮ್ಮ C ಮತ್ತು ಜನ ಆಗಲೇ ಬಳಸುತ್ತಿದ್ದ ಷೆಝಿಯ C ಒಂದೇ ಆಗಲಿ ಎಂದು ಹಾಗೆ ಹೊಂದಿಸಿದರು. ಅಂದರೆ ಬಳಸುವವರ ಅನುಕೂಲಕ್ಕೆ, ಒಂದು ನಿರ್ದಿಷ್ಟ ವ್ಯಾಪ್ತಿಗೆ ಹೊಲಿದ ಅಂಗಿ ಇದು. ಸೆಕೆಂಡಿಗೆ 1 ಮೀಟರಿನ ಆಸುಪಾಸಿನ ವೇಗ, ಸಾಮಾನ್ಯ ತಾಪಮಾನದ ನೀರು, ತೀರಾ ಸಣ್ಣದಲ್ಲದ ಪೈಪು, ಇಷ್ಟಕ್ಕೆ ಚೆನ್ನಾಗಿ ಕೂರುತ್ತದೆ. 20 ಮಿ.ಮೀ. ಮನೆ ಸಂಪರ್ಕಕ್ಕೆ ಇದನ್ನು ಬಳಸಬಾರದು.

ಆಮೇಲೆ ವಿಜ್ಞಾನ ಮುಂದೆ ಹೋಯಿತು. ಗೋಡೆಯ ಒರಟುತನ, ವೇಗ, ನೀರಿನ ಸ್ನಿಗ್ಧತೆ ಮೂರನ್ನೂ ಒಟ್ಟಿಗೆ ಹಿಡಿಯುವ ಕೋಲ್‌ಬ್ರೂಕ್ ಸಮೀಕರಣ 1939ರಲ್ಲಿ ಬಂತು, ಮೂಡಿ ನಕ್ಷೆ 1944ರಲ್ಲಿ. ಆದರೂ ಹೇಜನ್–ವಿಲಿಯಮ್ಸ್ ಹೋಗಲಿಲ್ಲ. ಕಾರಣ, ಕೋಲ್‌ಬ್ರೂಕ್‌ನಲ್ಲಿ ಉತ್ತರಕ್ಕಾಗಿ ಸಮೀಕರಣವನ್ನು ಮತ್ತೆ ಮತ್ತೆ ಬಿಡಿಸಬೇಕು. ಇತ್ತ 1936ರಲ್ಲಿ ಹಾರ್ಡಿ ಕ್ರಾಸ್ ಕೊಟ್ಟ ಜಾಲದ ಲೆಕ್ಕವನ್ನು ಕೈಯಲ್ಲಿ ಮಾಡುವವರಿಗೆ ಎಲ್ಲ ಪೈಪಿಗೂ ಒಂದೇ ಘಾತ ಇದ್ದರೆ ಕೆಲಸ ಹಗುರ. 1.852 ಆ ಹಗುರವನ್ನು ಕೊಟ್ಟಿತು. ಇಂದು ಕಂಪ್ಯೂಟರಿಗೆ ಎರಡೂ ಒಂದೇ, ಆದರೆ ಪೈಪು ಜಾಲದ ಲೆಕ್ಕ ಹಾಕುವ ತಂತ್ರಾಂಶ EPANET ತೆರೆದರೆ ತಾನಾಗಿ ಬರುವುದು ಇನ್ನೂ H-W, ಅಂದರೆ ಹೇಜನ್–ವಿಲಿಯಮ್ಸ್.

ಈಗ ನಮ್ಮ 300 ಮಿ.ಮೀ. ಪೈಪಿಗೆ ಬರೋಣ. ನಡುವೆ ಕವಲಿಲ್ಲ, ಎಲ್ಲ ನೀರೂ ಕೊನೆಯವರೆಗೆ ಹೋಗುತ್ತದೆ ಎಂದು ಸರಳ ಮಾಡಿಕೊಳ್ಳೋಣ. 7,200 ಜನ, ತಲೆಗೆ ದಿನಕ್ಕೆ 135 ಲೀಟರ್ ಎಂದರೆ ದಿನಕ್ಕೆ 972 ಘನ ಮೀಟರ್. ಇಪ್ಪತ್ನಾಲ್ಕು ಗಂಟೆಯೂ ಹರಿದರೆ ಸರಾಸರಿ ಸೆಕೆಂಡಿಗೆ 11.25 ಲೀಟರ್, ಬೆಳಗಿನ ಗರಿಷ್ಠಕ್ಕೆ ಮೂರು ಪಟ್ಟು ಹಿಡಿದರೆ ಸುಮಾರು 34 ಲೀಟರ್. ಆದರೆ ಅದೇ ನೀರನ್ನು ಸರದಿಯಲ್ಲಿ ಮೂರೇ ಗಂಟೆ ಬಿಟ್ಟರೆ ಸೆಕೆಂಡಿಗೆ 90 ಲೀಟರ್ ಬೇಕು. ಮೈಸೂರು, ಮಂಡ್ಯದಲ್ಲಿ ಸರದಿಯ ನೀರಿಗೇ ಕಾಯುವ ಬಡಾವಣೆಗಳು ಹಲವು. ಸೂತ್ರದ ಮಿತಿ ನಮಗೆ ನೋಯುವುದು ಇಲ್ಲೇ.

ಯಾರೋ ಈ ಪೈಪನ್ನು 20 ಲೀಟರ್ ಹರಿವಿನಲ್ಲಿ ಪರೀಕ್ಷಿಸಿ, 0.95 ಮೀಟರ್ ನಷ್ಟ ಕಂಡು, C 100 ಎಂದು ಬರೆದಿಟ್ಟಿದ್ದಾರೆ ಎನ್ನೋಣ. ಆ ಹರಿವಿಗೆ ಅದು ಸರಿ. ಒಳಗೆ 3 ಮಿ.ಮೀ.ನಷ್ಟು ಪರಿಣಾಮಕಾರಿ ಒರಟು ಇರುವ ಪೈಪಿಗೆ, ಒರಟು, ವೇಗ, ಸ್ನಿಗ್ಧತೆ ಮೂರನ್ನೂ ಲೆಕ್ಕಕ್ಕೆ ತರುವ ಡಾರ್ಸಿ–ವೈಸ್‌ಬ್ಯಾಕ್ ಸೂತ್ರವೂ ಅದೇ ನಷ್ಟ ಕೊಡುತ್ತದೆ. 34 ಲೀಟರಿಗೆ ಹೋದರೆ C 100ರ ಲೆಕ್ಕ 2.5 ಮೀಟರ್, ಡಾರ್ಸಿ ಲೆಕ್ಕ 2.7. ಒಂದು ಗೇಣಿನ ವ್ಯತ್ಯಾಸ, ಯಾರಿಗೂ ಗೊತ್ತಾಗುವುದಿಲ್ಲ. 90 ಲೀಟರಿಗೆ ಹೋದರೆ C 100 ಹೇಳುವುದು 15.5 ಮೀಟರ್, ಡಾರ್ಸಿ ಹೇಳುವುದು 18.9. ಕೊನೆಯಲ್ಲಿ ಉಳಿಯಬೇಕಾದ ಎಂಟೂವರೆ ಮೀಟರ್ ಐದಕ್ಕೆ ಇಳಿಯಿತು. ನಿಜದಲ್ಲಿ 90 ಲೀಟರ್ ಹರಿಯುವುದೂ ಇಲ್ಲ. ಹತ್ತಿರದ ಸಂಪುಗಳು ಮೊದಲು ಎಳೆದುಕೊಳ್ಳುತ್ತವೆ, ದೂರದವರ ಪಾಲು ಕರಗುತ್ತದೆ.

ಹೀಗಾಗಲು ಕಾರಣ ಘಾತದಲ್ಲಿದೆ. ನುಣುಪು ಗೋಡೆಯ ಹತ್ತಿರ ನೀರಿನ ಒಂದು ತೆಳು ಪದರ ನಿಧಾನವಾಗಿ ಜಾರುತ್ತದೆ, ಸಣ್ಣ ಉಬ್ಬುಗಳು ಅದರಡಿ ಅಡಗುತ್ತವೆ. ಅಲ್ಲಿ ನಷ್ಟ ಹರಿವಿನ ಸುಮಾರು 1.75 ಘಾತದಂತೆ ಏರುತ್ತದೆ. ತುಕ್ಕಿನ ಗಂಟು ಎದ್ದ ಪೈಪಿನಲ್ಲಿ ಗಂಟುಗಳು ಆ ಪದರವನ್ನು ತೂರಿಕೊಂಡು ಹೊರಗೆ ನಿಲ್ಲುತ್ತವೆ. ನಷ್ಟ ಹರಿವಿನ ವರ್ಗದಂತೆ, ಅಂದರೆ ಘಾತ 2ರ ಹತ್ತಿರ ಏರುತ್ತದೆ. 1.852 ಇವೆರಡರ ನಡುವಿನ ರಾಜಿ. ಹಾಗಾಗಿ ಒರಟು ಪೈಪಿನಲ್ಲಿ ವೇಗ ಹೆಚ್ಚಿದಂತೆ ನಿಜವಾದ C ಕುಗ್ಗುತ್ತದೆ. ನಮ್ಮ ಪೈಪಿನಲ್ಲಿ 20 ಲೀಟರಿಗೆ 100 ಇದ್ದದ್ದು 90 ಲೀಟರಿಗೆ 90 ಆಗಿದೆ. C ಪೈಪಿಗೆ ಅಂಟಿದ ಗುಣವಲ್ಲ, ಅಳೆದ ಹರಿವಿಗೂ ಸೇರಿದ ಅಂಕಿ.

ಭಾರತದಲ್ಲಿ ಈ ಕೊರತೆಗೆ 1970ರ ದಶಕದಲ್ಲೇ ಕೆಲಸವಾಯಿತು. ಸ್ವಾಮಿ–ಜೈನ್ 1976ರಲ್ಲಿ ಕೊಟ್ಟ ಸಮೀಕರಣ ಡಾರ್ಸಿ ಲೆಕ್ಕವನ್ನು ಒಂದೇ ಸಾಲಿಗೆ ತಂದಿತು; ಮೇಲಿನ ಡಾರ್ಸಿ ಅಂಕಿಗಳೂ ಅದರಿಂದಲೇ ಬಂದವು. ಕೇಂದ್ರದ ಕೈಪಿಡಿ ಪರಿಷ್ಕೃತ ಹೇಜನ್–ವಿಲಿಯಮ್ಸ್ ಸೂತ್ರವನ್ನೂ ಕೊಡುತ್ತದೆ. ಆದರೆ ಅದರಲ್ಲಿ ಹರಿವಿನ ಘಾತ 1.81. ಹೊಸ ನುಣುಪು ಪೈಪಿಗೆ ಅದು ಒಳ್ಳೆಯದು, ಗಂಟುಗಟ್ಟಿದ ಹಳೆ ಪೈಪಿನ ಹರಿವನ್ನು ನಾಲ್ಕು ಪಟ್ಟು ಮಾಡಿ ನೋಡುವುದಕ್ಕೆ ಅಲ್ಲ.

ಪರೀಕ್ಷೆಯ ವಿಷಯಕ್ಕೆ ಬಂದರೆ, 20 ಲೀಟರಿನ ಪರೀಕ್ಷೆಯನ್ನೇ ನಂಬಬಾರದು. ಸಾಮಾನ್ಯ ಒತ್ತಡ ಗೇಜಿನ ಒಂದು ಗೆರೆ 0.1 ಕೆ.ಜಿ. ಪ್ರತಿ ಚದರ ಸೆಂ.ಮೀ., ಅಂದರೆ 1 ಮೀಟರ್ ನೀರು. ಅಳೆಯಬೇಕಾದ ನಷ್ಟವೇ 0.95 ಮೀಟರ್. ಅರ್ಧ ಗೆರೆ ಆಚೀಚೆ ಓದಿದರೆ C 80 ಎಂದೂ ಬರುತ್ತದೆ, 150 ಎಂದೂ ಬರುತ್ತದೆ. ಸರದಿ ಶುರುವಾಗುವ ಮುನ್ನ, ಕವಲು ವಾಲ್ವುಗಳೆಲ್ಲ ಮುಚ್ಚಿರುವಾಗ ಪರೀಕ್ಷೆ ಮಾಡಬೇಕು. ಮೊದಲು ಹರಿವಿಲ್ಲದೆ ಎರಡೂ ತುದಿಯ ಗೇಜು ಓದಿಕೊಳ್ಳಬೇಕು. ಆ ವ್ಯತ್ಯಾಸ ಕೇವಲ ನೆಲದ ಎತ್ತರದ್ದು, ಗೇಜಿನ ದೋಷವೂ ಅದರಲ್ಲೇ ಕಳೆದುಹೋಗುತ್ತದೆ. ಆಮೇಲೆ ಕೊನೆಯಲ್ಲಿ ಪೈಪಿನ ಕೊಳೆ ಹೊರಬಿಡಲು ಇರುವ ಸ್ಕವರ್ ವಾಲ್ವ್ ತೆರೆದು ಹರಿವನ್ನು ಸರದಿಯ ಮಟ್ಟಕ್ಕೆ ಆದಷ್ಟು ಹತ್ತಿರ ತರಬೇಕು. ಮೀಟರ್ ಇಲ್ಲದಿದ್ದರೆ ಟ್ಯಾಂಕಿನ ಒಳಹರಿವು ಮುಚ್ಚಿ ಮಟ್ಟ ಇಳಿಯುವುದನ್ನು ನೋಡಿದರೂ ಸಾಕು: 15 ಮೀಟರ್ ವ್ಯಾಸದ ಟ್ಯಾಂಕಿನಲ್ಲಿ 90 ಲೀಟರ್ ಹರಿವಿಗೆ ಹತ್ತು ನಿಮಿಷಕ್ಕೆ ಸುಮಾರು 30 ಸೆಂ.ಮೀ. ಇಳಿಯುತ್ತದೆ.

ನಡುವೆ ಮೂರನೆಯ ಗೇಜು ಇಡುವುದನ್ನು ತಪ್ಪಿಸಬೇಡಿ. ನಷ್ಟ ಉದ್ದಕ್ಕೆ ತಕ್ಕಂತೆ ಸಮನಾಗಿ ಹಂಚಿಕೊಂಡಿದ್ದರೆ ಪೈಪೇ ಒರಟಾಗಿದೆ. ಒಂದೇ ತುಂಡಿನಲ್ಲಿ ಧಡಕ್ಕನೆ ಇಳಿದರೆ ಅಲ್ಲಿ ಅರ್ಧ ಮುಚ್ಚಿದ ವಾಲ್ವ್ ಇರಬಹುದು, ಆ ತುಂಡಿನ ವಾಲ್ವನ್ನು ಮೊದಲು ನೋಡಿ. ತುಕ್ಕು ಎರಡೂ ಬದಿ 15 ಮಿ.ಮೀ. ಕಟ್ಟಿ ಒಳವ್ಯಾಸ 270ಕ್ಕೆ ಇಳಿದಿದ್ದರೂ ನಷ್ಟ ಒಂದೂಮುಕ್ಕಾಲು ಪಟ್ಟಿನ ಹತ್ತಿರ ಹೋಗುತ್ತದೆ. ಲೆಕ್ಕದಲ್ಲಿ 300 ಎಂದೇ ಇಟ್ಟರೆ C 100ರ ಪೈಪು 76ರಂತೆ ಕಾಣುತ್ತದೆ. ಈ ಎಲ್ಲ ಕಾರಣಗಳನ್ನೂ C ನುಂಗಿಕೊಳ್ಳುತ್ತದೆ, ಯಾವುದೆಂದು ತಾನಾಗಿ ಹೇಳುವುದಿಲ್ಲ.

EPANETನಲ್ಲಿ ಡಾರ್ಸಿಗೆ ಬದಲಾಯಿಸುವವರು ಒಂದು ಎಚ್ಚರ ವಹಿಸಬೇಕು:

```
[OPTIONS]
 UNITS     LPS
 HEADLOSS  D-W
```

ಈ ಸಾಲು ಬದಲಾದರೂ ಪೈಪುಗಳ ಒರಟುತನದ ಕಾಲಮ್ಮಿನಲ್ಲಿ ಹಳೆಯ 100 ಹಾಗೇ ಉಳಿದಿರುತ್ತದೆ. ಈಗ ತಂತ್ರಾಂಶ ಅದನ್ನು C ಎಂದು ಓದುವುದಿಲ್ಲ, 100 ಮಿ.ಮೀ. ಒರಟು ಎಂದು ಓದುತ್ತದೆ. 300ರ ಪೈಪಿಗೆ ಅದು ಅಸಾಧ್ಯ, ಆದರೂ ಲೆಕ್ಕ ಓಡಬಹುದು. ಜಾಲದ ಕೊನೆಯ ಬಿಂದುವಿನಲ್ಲಿ ಒತ್ತಡ ಋಣಾತ್ಮಕವಾಗಿ ಬಂದರೆ ಮೊದಲು ಆ ಕಾಲಮ್ಮು ನೋಡಿ. ಅಲ್ಲಿ ಇರಬೇಕಾದ್ದು 3, ಮಿಲಿಮೀಟರಿನಲ್ಲಿ.